ಅರ್ಧ ಕೇಂದ್ರ, ಅರ್ಧ ರಾಜ್ಯ

ನಮ್ಮ ಅಂಗಡಿಯಲ್ಲಿ ಒಂದು ಬಿಲ್ಲು ಬರೆಯಲಿಕ್ಕೆ ಇಬ್ಬರು ಬೇಕು. ಕಾಪುವಿನ ಪೇಟೆಯಲ್ಲಿ ಬೇರೆ ಅಂಗಡಿಗಳಲ್ಲೆಲ್ಲ ಒಬ್ಬರೇ ಬರೆಯುತ್ತಾರೆ. ಈಗೀಗ ಅದೂ ಇಲ್ಲ, ಯಂತ್ರವೇ ಚೀಟಿ ಉಗುಳುತ್ತದೆ. ನಮ್ಮದು ಫ್ಯಾನು, ಮಿಕ್ಸಿ, ಬಲ್ಬು, ಸ್ವಿಚ್ಚು ಮಾರುವ ಅಂಗಡಿ. ಅಪ್ಪ ಇಟ್ಟದ್ದು. ಅಪ್ಪನ ನಂತರ ಅಕ್ಕ ಮತ್ತು ನಾನು ನಡೆಸಿಕೊಂಡು ಬಂದೆವು. ಅಕ್ಕ ಮದುವೆಯಾಗಿ ಹೆಬ್ರಿಗೆ ಹೋಗಿ, ಭಾವ ತೀರಿಕೊಂಡ ಮೇಲೆ ಮರಳಿ ಬಂದವಳು. ನಾನು ಎಲ್ಲಿಗೂ ಹೋದವಳೇ ಅಲ್ಲ.

ಇಬ್ಬರು ಯಾಕೆ ಬೇಕು ಎಂದರೆ, ಜಿಎಸ್‌ಟಿ ಬಂದ ಹೊಸತರಲ್ಲಿ ಅಕ್ಕ ಹಾಗೆ ನಿಯಮ ಮಾಡಿದಳು. ಅದಕ್ಕೂ ಮೊದಲು ತೆರಿಗೆ ಎಂದರೆ ಬಿಲ್ಲಿನಲ್ಲಿ ಒಂದು ಸಾಲು. ಈಗ ಎರಡು ಸಾಲು. ಫ್ಯಾನಿಗೆ ಶೇಕಡಾ ಹದಿನೆಂಟು, ಅದರಲ್ಲಿ ಒಂಬತ್ತು ಕೇಂದ್ರಕ್ಕೆ, ಒಂಬತ್ತು ರಾಜ್ಯಕ್ಕೆ. ನಮ್ಮ ಲೆಕ್ಕ ನೋಡುವವರು ಕಾರ್ಕಳದವರು. ಮೊದಲ ತಿಂಗಳು ಬಂದಾಗ ಹೊಸ ಬಿಲ್ ಪುಸ್ತಕ ತೆರೆದಿಟ್ಟು, ‘ಈ ಎರಡು ಸಾಲು ಯಾವಾಗಲೂ ಸಮ ಇರಬೇಕು ಅಕ್ಕಾ. ಒಂದು ಪೈಸೆ ಆಚೀಚೆ ಆದರೂ ಎಲ್ಲಿಯೋ ತಪ್ಪಿದ್ದೀರಿ ಅಂತ ಲೆಕ್ಕ’ ಎಂದು ಹೇಳಿ ಹೋದರು. ಯಂತ್ರವನ್ನೂ ನಂಬದ, ತನ್ನನ್ನೂ ನಂಬದ ಅಕ್ಕನಿಗೆ ಅದು ವೇದವಾಕ್ಯವಾಯಿತು. ‘ಕೇಂದ್ರ ನಾನು ಮಾಡುತ್ತೇನೆ, ರಾಜ್ಯ ನೀನು ಮಾಡು. ನನ್ನದನ್ನು ನೀನು ನೋಡಬಾರದು, ನಿನ್ನದನ್ನು ನಾನು ನೋಡುವುದಿಲ್ಲ. ಎರಡೂ ಒಂದೇ ಬಂದರೆ ಬರೆಯುವ’ ಎಂದಳು.

ಅಂದರೆ ಹೀಗೆ. ಎರ್ಮಾಳಿನಿಂದ ಒಬ್ಬರು ಮಿಕ್ಸಿ ತೆಗೆದುಕೊಳ್ಳಲು ಬಂದರು ಎನ್ನಿ. ತೆರಿಗೆ ಸೇರಿ ಎರಡು ಸಾವಿರದ ಒಂಬೈನೂರ ಐವತ್ತಕ್ಕೆ ಮಾತಾಯಿತು. ಅದರಲ್ಲಿ ವಸ್ತುವಿನ ಬೆಲೆ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಬೇಕು. ಸುಮ್ಮನೆ ಹದಿನೆಂಟು ಪರ್ಸೆಂಟು ಕಳೆದರೆ ತಪ್ಪು. ಆ ತಪ್ಪನ್ನು ಮೊದಲ ವಾರವಿಡೀ ಇಬ್ಬರೂ ಸಮಸಮವಾಗಿಯೇ ಮಾಡಿದ್ದೆವು, ಹಾಗಾಗಿ ಗೊತ್ತೇ ಆಗಿರಲಿಲ್ಲ. ಒಂದು ಪಾಯಿಂಟ್ ಒಂದು ಎಂಟರಿಂದ ಭಾಗಿಸಬೇಕು. ಎರಡು ಸಾವಿರದ ಐನೂರು ಬರುತ್ತದೆ. ಅದರ ಒಂಬತ್ತು ಪರ್ಸೆಂಟು ಇನ್ನೂರ ಇಪ್ಪತ್ತೈದು. ಅಕ್ಕ ತನ್ನ ಕ್ಯಾಲ್ಕುಲೇಟರಿನಿಂದ ತಲೆ ಎತ್ತದೆ ‘ಕೇಂದ್ರ ಇನ್ನೂರ ಇಪ್ಪತ್ತೈದು’ ಎನ್ನುತ್ತಾಳೆ. ನಾನು ‘ರಾಜ್ಯ ಇನ್ನೂರ ಇಪ್ಪತ್ತೈದು’ ಎನ್ನುತ್ತೇನೆ. ಅವಳು ಕಾರ್ಬನ್ ಸರಿಮಾಡಿ ಒತ್ತಿ ಬರೆಯುತ್ತಾಳೆ. ಗಿರಾಕಿ ನಮ್ಮಿಬ್ಬರನ್ನೂ ನೋಡಿ ನಗುತ್ತಾರೆ.

ಊರಿನವರಿಗೆ ಇದು ತಮಾಷೆ. ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಹಿಡಿಯುವ ಒಬ್ಬ ಮೇಸ್ತ್ರಿ ಇದ್ದಾನೆ, ವೈರಿಂಗ್ ಸಾಮಾನಿಗೆ ಬರುತ್ತಾನೆ. ಅಕ್ಕ ಊಟಕ್ಕೆ ಹೋದ ಹೊತ್ತಿನಲ್ಲಿ ಬಂದರೆ, ‘ಏನ್ರೀ ಅಕ್ಕಾರ, ಇವತ್ತ ಕೇಂದ್ರ ಸರಕಾರ ಬಿತ್ತೇನ್ರಿ?’ ಎಂದು ಕೇಳುತ್ತಾನೆ. ಅಮ್ಮ ಇದ್ದಾಗ ಅವಳೂ ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ನಮ್ಮ ಈ ಪಾಠ ಒಪ್ಪಿಸುವುದನ್ನು ಕೇಳಿ ನಗುತ್ತಿದ್ದಳು.

ಅಮ್ಮ ತೀರಿಕೊಂಡ ವರ್ಷದಿಂದ ನಾನು ಮತ್ತು ಅಕ್ಕ ಮಾತು ಬಿಟ್ಟೆವು.

ಅದನ್ನು ಹೆಚ್ಚು ಹೇಳಲು ನನಗೆ ಇಷ್ಟವಿಲ್ಲ. ಅಮ್ಮನಿಗೆ ಉಸಿರಾಟ ಕಷ್ಟವಾದಾಗ ಅಕ್ಕ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಎಂದಳು. ಅಮ್ಮ ಬೇಡ ಎಂದಳು, ನಾನೂ ಬೇಡ ಎಂದೆ. ಅಕ್ಕ ಆಂಬುಲೆನ್ಸಿಗೆ ಫೋನು ಮಾಡಿಯೇ ಬಿಟ್ಟಳು. ಅಲ್ಲಿ ಗಾಜಿನ ಬಾಗಿಲಿನ ಆಚೆ ಅಮ್ಮ, ಈಚೆ ಬೆಂಚಿನಲ್ಲಿ ನಾವು. ಅಮ್ಮ ತೀರಿಕೊಂಡಾಗ ಅವಳ ಕೈ ಹಿಡಿದುಕೊಂಡವರು ನಾವಲ್ಲ, ಯಾರೋ ನರ್ಸು. ಮರಳಿ ಬರುವಾಗ ನಾನು, ‘ನೀನು ಕೊಂಡುಹೋಗದಿದ್ದರೆ ಅಮ್ಮ ಮನೆಯಲ್ಲಿ ನೆಮ್ಮದಿಯಿಂದ ಹೋಗುತ್ತಿದ್ದಳು’ ಎಂದೆ. ಅಕ್ಕ, ‘ನಿನ್ನ ಮಾತು ಕೇಳಿದ್ದರೆ ಉಸಿರು ಕಟ್ಟಿ ಹೋಗುತ್ತಿದ್ದಳು’ ಎಂದಳು. ಅಷ್ಟೇ. ಯಾರದ್ದು ಸರಿ ಎಂದು ಕೇಳಿದರೆ ನನ್ನದೇ ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಅಕ್ಕನನ್ನು ಕೇಳಿದರೆ ಅವಳೂ ಹಾಗೆಯೇ ಹೇಳಿಯಾಳು.

ನಾವು ಮನೆಯಲ್ಲಿ ಆಡುವುದು ತುಳು. ಅಂಗಡಿಯಲ್ಲಿಯೂ ನಮ್ಮೊಳಗೆ ತುಳುವೇ. ಆದರೆ ಬಿಲ್ಲಿನ ಮಾತು ಮಾತ್ರ ಮೊದಲಿನಿಂದಲೂ ಕನ್ನಡ. ಲೆಕ್ಕದವರು ಮನೆಯಲ್ಲಿ ಕೊಂಕಣಿ ಆಡುವವರು, ನಮಗೆ ಕನ್ನಡದಲ್ಲಿ ಹೇಳಿಕೊಟ್ಟರು, ಅದು ಹಾಗೆಯೇ ನಿಂತುಬಿಟ್ಟಿತು. ಜಗಳವಾದ ಮೇಲೆ ತುಳು ಪೂರ್ತಿ ನಿಂತಿತು. ‘ಕೇಂದ್ರ ಇಷ್ಟು’, ‘ರಾಜ್ಯ ಇಷ್ಟು’ ಎಂಬ ಕನ್ನಡ ಮಾತ್ರ ಉಳಿಯಿತು. ಅದನ್ನು ನಿಲ್ಲಿಸುವಂತಿರಲಿಲ್ಲ, ಗಿರಾಕಿ ಎದುರಿಗೆ ನಿಂತಿರುತ್ತಾರಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೆ ಏನಾಗುತ್ತದೆ ಎಂದು ಗಾದೆ ಮಾಡಿದವರಿಗೆ ಗೊತ್ತಿರಲಿಲ್ಲವೋ ಏನೋ. ಬೆಳಿಗ್ಗೆ ಅಕ್ಕ ಅಡುಗೆ ಮಾಡಿ ಮುಚ್ಚಿಡುತ್ತಾಳೆ, ನಾನು ಬಡಿಸಿಕೊಂಡು ತಿನ್ನುತ್ತೇನೆ. ರಾತ್ರಿಯದ್ದು ನಾನು ಮಾಡಿ ಮುಚ್ಚಿಡುತ್ತೇನೆ. ಉಪ್ಪು ಹೆಚ್ಚಾಯಿತು ಎಂದು ಹೇಳುವವರಿಲ್ಲ, ಅದಕ್ಕೇ ಇರಬೇಕು, ನನ್ನ ಅಡುಗೆ ಹಾಳಾಗಿದೆ. ಅಂಗಡಿಗೆ ಹೋಗುವಾಗ ಅವಳು ಮುಂದೆ, ನಾನು ಹಿಂದೆ. ಒಂದೇ ಮನೆಯಲ್ಲಿ ಒಬ್ಬಳೇ ಇರುವುದು ಹೇಗೆಂದು ನನಗೆ ಗೊತ್ತು. ಖಾಲಿ ಮನೆಯಲ್ಲಿ ಒಬ್ಬಳೇ ಇರುವುದಕ್ಕಿಂತ ಅದು ಕಷ್ಟ. ಖಾಲಿ ಮನೆಯಾದರೆ ಜೋರಾಗಿ ಹಾಡಬಹುದು, ಅಳಬಹುದು.

ನಾನಾಗಿ ಹೋಗಿ ಮಾತಾಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಎಷ್ಟೋ ಸಲ ತುಟಿಯವರೆಗೆ ಬಂದದ್ದುಂಟು. ಆದರೆ ಏನು ಹೇಳುವುದು? ಮೊದಲ ವಾರವಾದರೆ ‘ಚಾ ಕುಡಿಯುತ್ತೀಯಾ’ ಎಂದು ಶುರು ಮಾಡಬಹುದಿತ್ತು. ಇಷ್ಟು ಕಾಲ ಕಳೆದ ಮೇಲೆ ಚಾದ ವಿಷಯ ಹೇಳಿದರೆ ಅಸಹ್ಯವಾಗಿ ಕೇಳುತ್ತದೆ.

ಹೀಗಾಗಿ ನಾನು ಬಿಲ್ಲು ಕಾಯುವವಳಾದೆ. ಅಂಗಡಿಯವರು ವ್ಯಾಪಾರ ಕಾಯುತ್ತಾರೆ, ನಾನು ಬಿಲ್ಲು ಕಾಯುತ್ತಿದ್ದೆ. ಇನ್ನೂರು ರೂಪಾಯಿಗಿಂತ ಕಡಿಮೆಯ ಸಾಮಾನಿಗೆ ಗಿರಾಕಿ ಕೇಳದಿದ್ದರೆ ಬೇರೆ ಬಿಲ್ಲು ಬೇಕಿಲ್ಲ. ಬಲ್ಬು, ಹೋಲ್ಡರು, ಟೇಪು ಎಷ್ಟು ಮಾರಿದರೂ ಆಗ ಮಾತಿಲ್ಲ. ಅದೆಲ್ಲ ಸೇರಿಸಿ ಅಂಗಡಿ ಮುಚ್ಚುವಾಗ ಒಂದು ಬಿಲ್ಲು ಮಾಡಬೇಕು. ಆ ಕೊನೆಯ ಬಿಲ್ಲು ನನಗೆ ಬಹಳ ಮುಖ್ಯ. ಅಕ್ಕ ‘ಕೇಂದ್ರ ಎಪ್ಪತ್ತೆರಡು’ ಎನ್ನುತ್ತಾಳೆ, ನಾನು ‘ರಾಜ್ಯ ಎಪ್ಪತ್ತೆರಡು’ ಎನ್ನುತ್ತೇನೆ, ಶಟರು ಎಳೆಯುತ್ತೇವೆ. ಬೇರೆಯವರ ಮನೆಯಲ್ಲಿ ಮಲಗುವ ಮೊದಲು ಏನೋ ಒಂದು ಮಾತು ಆಡುತ್ತಾರಲ್ಲ, ನಮಗೆ ಅದೇ.

ಎಲ್ಲಕ್ಕಿಂತ ಇಷ್ಟವಾದದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಫ್ಯಾನು. ಅದನ್ನು ಬಿಡಿಸಿದರೆ ಬೆಲೆ ಸಾವಿರದ ಆರುನೂರ ತೊಂಬತ್ತನಾಲ್ಕು ರೂಪಾಯಿ ಏಳು ಪೈಸೆ, ತೆರಿಗೆ ಎರಡು ಕಡೆಯೂ ನೂರ ಐವತ್ತೆರಡು ರೂಪಾಯಿ ನಲವತ್ತೇಳು ಪೈಸೆ. ಮೂರನ್ನೂ ಕೂಡಿಸಿದರೆ ಒಂದು ಪೈಸೆ ಹೆಚ್ಚು ಬರುತ್ತದೆ. ಆಗ ಅಕ್ಕ ‘ಒಂದು ಪೈಸೆ ಬಿಡುವ’ ಎನ್ನುತ್ತಾಳೆ. ನಾನು ‘ಬಿಡುವ’ ಎನ್ನುತ್ತೇನೆ. ಅವಳು ರೌಂಡ್ ಆಫ್ ಎಂದು ಬರೆದು ಅದನ್ನು ಕಳೆಯುತ್ತಾಳೆ. ಆ ಕಂಪನಿಯ ಫ್ಯಾನು ಒಳ್ಳೆಯದು ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಒಳ್ಳೆಯದೇ ಅದು, ಸುಳ್ಳೇನೂ ಹೇಳಲಿಲ್ಲ.

ಒಂದು ದಿನ ಮಣಿಪಾಲದಲ್ಲಿ ಪಿಜಿ ನಡೆಸುವ ಹೆಂಗಸೊಬ್ಬರು ಒಂದು ಫ್ಯಾನು ತೆಗೆದುಕೊಂಡರು. ತೆರಿಗೆ ಸೇರಿ ಸಾವಿರದ ಏಳುನೂರ ಎಪ್ಪತ್ತು. ಅಕ್ಕ ‘ಕೇಂದ್ರ ನೂರ ಮೂವತ್ತೈದು’ ಎಂದಳು. ನನ್ನ ಕ್ಯಾಲ್ಕುಲೇಟರಿನಲ್ಲಿಯೂ ಅದೇ ಇತ್ತು. ನಾನು ಯಾಕೋ ‘ರಾಜ್ಯ ನೂರ ಐವತ್ತಮೂರು’ ಎಂದೆ. ಬಾಯಿ ತಪ್ಪಿದ್ದೇನಲ್ಲ. ಅಕ್ಕ ಪೆನ್ನು ಎತ್ತಿ ಹಿಡಿದು, ‘ಇನ್ನೊಮ್ಮೆ ನೋಡು’ ಎಂದಳು.

ಎರಡು ಶಬ್ದ ಹೆಚ್ಚಿಗೆ ಸಿಕ್ಕಿತು. ‘ನೋಡು’ ಎನ್ನುವಾಗ ಅವಳು ನನ್ನ ಕಡೆ ಅರ್ಧ ತಿರುಗಿದ್ದಳು. ಅವತ್ತು ಮನೆಗೆ ಹೋಗಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದೆ. ಅಕ್ಕ ಎಷ್ಟು ತಿಂದಳೆಂದು ಪಾತ್ರೆ ನೋಡಿ ತಿಳಿದುಕೊಂಡೆ.

ಅಲ್ಲಿಂದ ನನಗೆ ಅದೊಂದು ಚಟವಾಯಿತು. ದಿನಾ ಅಲ್ಲ. ದಿನಾ ತಪ್ಪು ಹೇಳಿದರೆ ಮುದಿ ಬುದ್ಧಿ ಎಂದು ಅವಳು ಬೇರೆ ಜನ ಇಟ್ಟಾಳು. ಯಾವಾಗಲಾದರೂ ಒಮ್ಮೆ, ಸಂಜೆ ಉಪ್ಪುಗಾಳಿಯೊಂದಿಗೆ ಬೇಸರ ಒಳಗೆ ನುಗ್ಗಿದಾಗ, ಅಂಕಿಯನ್ನು ತಿರುವು ಮುರುವು ಮಾಡುತ್ತಿದ್ದೆ. ಬರೆಯುವ ಮೊದಲೇ ಹೇಳುವುದಾದ್ದರಿಂದ ಯಾರ ಬಿಲ್ಲೂ ಕೆಡಲಿಲ್ಲ. ‘ಇನ್ನೊಮ್ಮೆ ನೋಡು’ ಎನ್ನುತ್ತಿದ್ದಳು. ನಾನು ನೋಡಿದ ಹಾಗೆ ಮಾಡಿ ಸರಿಯಾದದ್ದನ್ನು ಹೇಳುತ್ತಿದ್ದೆ. ಅವಳಿಗೆ ಏನೂ ಗೊತ್ತಾಗಿಲ್ಲ ಎಂದೇ ನಂಬಿದ್ದೆ.

ಹೀಗಿರುವಾಗ ಕೇರಳದ ಬಿಲ್ಲು ಬಂತು. ಮಂಜೇಶ್ವರದಲ್ಲಿ ಹೋಟೆಲು ಇಟ್ಟಿರುವ ಒಬ್ಬರು ಉಡುಪಿಗೆ ಬಂದವರು ದಾರಿಯಲ್ಲಿ ಇಳಿದು ಆರು ಫ್ಯಾನು ಆರಿಸಿದರು. ಟೆಂಪೋದಲ್ಲಿ ಹೋಟೆಲಿಗೇ ತಲುಪಿಸಬೇಕು, ಹೋಟೆಲಿನ ಹೆಸರಿಗೆ ಬಿಲ್ಲು ಬೇಕು ಎಂದರು. ಫ್ಯಾನಿಗೆ ಸಾವಿರದ ಐನೂರು, ತೆರಿಗೆ ಬೇರೆ. ಅಕ್ಕ ಅವರ ಜಿಎಸ್‌ಟಿ ನಂಬರು ಕೇಳಿದಳು. ಮೂವತ್ತೆರಡರಿಂದ ಶುರುವಾಗುತ್ತಿತ್ತು, ಅದು ಕೇರಳದ ಅಂಕಿ. ನಮ್ಮದು ಇಪ್ಪತ್ತೊಂಬತ್ತು. ನಾನು ರೂಢಿಯಂತೆ ಒಂಬತ್ತು ಸಾವಿರಕ್ಕೆ ಒಂಬತ್ತು ಪರ್ಸೆಂಟು ಒತ್ತಿ, ಎಂಟುನೂರ ಹತ್ತು ಎಂದು ಬಾಯಲ್ಲಿ ಇಟ್ಟುಕೊಂಡು ಕುಳಿತೆ. ಅಕ್ಕ ‘ಕೇಂದ್ರ’ ಎನ್ನಲಿ ಎಂದು ಕಾದೆ.

ಅಕ್ಕ ಏನೂ ಹೇಳಲಿಲ್ಲ. ಬಿಲ್ ಪುಸ್ತಕದಲ್ಲಿ ಮೂರನೆಯ ಒಂದು ಸಾಲು ಇತ್ತು, ಅಷ್ಟು ವರ್ಷ ನಾವು ಅಡ್ಡಗೆರೆ ಎಳೆಯುತ್ತಿದ್ದ ಸಾಲು. ಅದರಲ್ಲಿ ಐಜಿಎಸ್‌ಟಿ ಹದಿನೆಂಟು ಪರ್ಸೆಂಟು, ಸಾವಿರದ ಆರುನೂರ ಇಪ್ಪತ್ತು ಎಂದು ಬರೆದು, ಕೇಂದ್ರಕ್ಕೂ ರಾಜ್ಯಕ್ಕೂ ಗೆರೆ ಎಳೆದಳು. ಸಾಮಾನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದರೆ ತೆರಿಗೆಯನ್ನು ಬಿಲ್ಲಿನಲ್ಲಿ ಪಾಲು ಮಾಡುವುದಿಲ್ಲ. ಇಡಿಯಾಗಿ ಒಂದೇ. ಒಬ್ಬರೇ ಬರೆದರೆ ಸಾಕು. ಅಕ್ಕನಿಗೆ ಅದು ಗೊತ್ತಿತ್ತು. ಎಲ್ಲಿ ಕಲಿತಳೋ, ನನಗೆ ಗೊತ್ತಿರಲಿಲ್ಲ.

ಅವತ್ತು ಜಡಿಮಳೆ. ಬೇರೆ ಒಂದು ಬಲ್ಬು ಕೂಡ ಮಾರಾಟವಾಗಲಿಲ್ಲ, ಹಾಗಾಗಿ ಮುಚ್ಚುವಾಗಿನ ಬಿಲ್ಲೂ ಇಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅಕ್ಕನ ಬಾಯಿಂದ ನನಗೆಂದು ಒಂದು ಶಬ್ದ ಬರಲಿಲ್ಲ. ನನ್ನ ಹೆಸರಿನ ಸಾಲಿಗೆ ಗೆರೆ ಎಳೆದಳಲ್ಲ ಎಂದು ಸಂಕಟವಾಯಿತು. ಬಿಲ್ಲಿನ ಮೇಲೆ ಸಿಟ್ಟು ಮಾಡಿಕೊಳ್ಳುವವಳು ಎಂಥ ಹುಚ್ಚಿ ಎಂದು ನನಗೇ ಅನ್ನಿಸಿತು, ಆದರೂ ಅತ್ತೆ.

ಮುಂದಿನ ತಿಂಗಳು ಕಾರ್ಕಳದವರು ಲೆಕ್ಕಕ್ಕೆ ಬಂದಾಗ ಲ್ಯಾಪ್‌ಟಾಪು ತಂದಿದ್ದರು. ‘ಅಕ್ಕಾ, ಕೈಯಲ್ಲಿ ಬರೆದ ಬಿಲ್ಲು ತಪ್ಪು ಅಂತ ಅಲ್ಲ. ಆದರೆ ಇದನ್ನೆಲ್ಲ ನಾನು ಪುನಃ ಟೈಪ್ ಮಾಡಬೇಕು ಮಾರಾಯ್ರೆ, ಬೆನ್ನು ಹೋಗುತ್ತದೆ. ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕುವ. ಬೆಲೆ ಹೊಡೆದರೆ ಸಾಕು, ಕೇಂದ್ರ, ರಾಜ್ಯ ಎರಡೂ ಅದೇ ಮಾಡ್ತದೆ. ತಪ್ಪೇ ಆಗುವುದಿಲ್ಲ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಸಣ್ಣಕ್ಕನಿಗೂ ಆರಾಮ. ಮಧ್ಯಾಹ್ನ ಮನೆಯಲ್ಲಿ ಮಲಗಬಹುದು, ಅಲ್ವಾ?’ ಎಂದರು.

ಒಳ್ಳೆಯ ಜನ ಅವರು. ಒಳ್ಳೆಯ ಜನರಿಂದಲೇ ಇಂಥ ಏಟು ಬೀಳುವುದು. ಅಕ್ಕ ‘ನೋಡುವ’ ಎಂದಳು. ನಮ್ಮ ಕಡೆ ‘ನೋಡುವ’ ಎಂದರೆ ಹೌದೂ ಆಗಬಹುದು, ಇಲ್ಲವೂ ಆಗಬಹುದು. ನನ್ನನ್ನು ಅವಳು ಕೇಳಲಿಲ್ಲ, ಕೇಳುವುದಾದರೂ ಹೇಗೆ. ಅವತ್ತಿನಿಂದ ನಾನು ತಪ್ಪು ಅಂಕಿ ಹೇಳುವುದನ್ನು ಬಿಟ್ಟೆ. ನನ್ನ ತಪ್ಪಿನಿಂದಾಗಿಯೇ ಅವಳಿಗೆ ಯಂತ್ರ ಬೇಕು ಅನ್ನಿಸಿದರೆ ಎಂಬ ಭಯ. ತಪ್ಪೇ ಮಾಡದ ಯಂತ್ರ ಬಂದರೆ ‘ಇನ್ನೊಮ್ಮೆ ನೋಡು’ ಎನ್ನುವವರು ಯಾರು? ‘ಒಂದು ಪೈಸೆ ಬಿಡುವ’ ಎನ್ನುವುದು ಯಾರಿಗೆ? ಪ್ರತಿ ಬಿಲ್ಲಿಗೂ, ಇದು ಕೊನೆಯದಿರಬಹುದು ಎಂದುಕೊಂಡು, ಅಂಕಿಯನ್ನು ಬಿಡಿಸಿ ಬಿಡಿಸಿ ನಿಧಾನವಾಗಿ ಹೇಳುತ್ತಿದ್ದೆ.

ಅದರ ಮುಂದಿನ ತಿಂಗಳು ಅವರು ಮತ್ತೆ ಬಂದರು. ಈ ಸಲ ತೋರಿಸಿಯೇ ಹೋಗುವುದು ಎಂದು ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ ಇಟ್ಟು ತೆರೆದರು. ಅದೇ ಹೊತ್ತಿಗೆ ಮಂಜೇಶ್ವರದ ಹೋಟೆಲಿನವರ ಫೋನು ಬಂತು. ಅವರಿಗೆ ನಾಲ್ಕು ಮಿಕ್ಸಿ ಬೇಕಂತೆ, ಅಡುಗೆಮನೆಗೆ. ಟೆಂಪೋ ಹೇಗೂ ಆ ಕಡೆ ಹೋಗುವುದಿತ್ತು. ಕಾರ್ಕಳದವರಿಗೆ ಖುಷಿಯೋ ಖುಷಿ. ‘ಇದನ್ನೇ ಮಾಡಿ ತೋರಿಸುತ್ತೇನೆ ನೋಡಿ’ ಎಂದು ಮೂವತ್ತೆರಡರಿಂದ ಶುರುವಾಗುವ ಆ ನಂಬರು ಹೊಡೆದರು, ಮಿಕ್ಸಿಗೆ ಎರಡು ಸಾವಿರದ ಐನೂರರಂತೆ ನಾಲ್ಕು ಹೊಡೆದರು. ಪರದೆಯ ಮೇಲೆ ಹತ್ತು ಸಾವಿರ, ಐಜಿಎಸ್‌ಟಿ ಸಾವಿರದ ಎಂಟುನೂರು, ಒಟ್ಟು ಹನ್ನೊಂದು ಸಾವಿರದ ಎಂಟುನೂರು ಎಂದು ಬಂತು. ‘ಕೇರಳ ಅಂತ ಅದಕ್ಕೇ ಗೊತ್ತಾಯಿತು ನೋಡಿ. ಪಾಲು ಮಾಡಲಿಲ್ಲ’ ಎಂದರು.

ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪರದೆಯನ್ನು ನೋಡುತ್ತಲೇ ಇದ್ದಳು ಅಕ್ಕ. ‘ಚೆಂದ ಉಂಟು’ ಎಂದಳು. ನಾನು ನನ್ನ ಕ್ಯಾಲ್ಕುಲೇಟರನ್ನು ಡ್ರಾಯರಿನೊಳಗೆ ಇಟ್ಟೆ. ಎದ್ದು ಹೋಗಿ ಚಾ ತರುತ್ತೇನೆ ಎಂದು ಅವರಿಗೆ ಹೇಳಲು ಬಾಯಿ ತೆರೆಯುತ್ತಿದ್ದೆ.

ಆಗ ಅಕ್ಕ ಬಿಲ್ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಾರ್ಬನ್ ಹಾಳೆ ಎರಡನ್ನೂ ಸರಿಮಾಡಿದಳು. ಹೋಟೆಲಿನ ಹೆಸರು, ನಂಬರು, ಮಿಕ್ಸಿ, ನಾಲ್ಕು, ಎಲ್ಲ ಬರೆದಳು. ಆಮೇಲೆ ತನ್ನ ಕ್ಯಾಲ್ಕುಲೇಟರ್ ಒತ್ತಿ, ತಲೆ ಎತ್ತದೆ, ‘ಕೇಂದ್ರ ಒಂಬೈನೂರು’ ಎಂದಳು.

ಕಾರ್ಕಳದವರು ಗಾಬರಿಯಾದರು. ‘ಅಯ್ಯೋ ದೊಡ್ಡಕ್ಕಾ, ಇದಕ್ಕೆ ಕೇಂದ್ರ, ರಾಜ್ಯ ಅಂತ ಇಲ್ಲ! ಕೇರಳಕ್ಕೆ ಹೋಗುವುದಲ್ವಾ, ಇಡೀ ಒಂದೇ ಬರೆಯಬೇಕು. ಕಳೆದ ಸಲ ನೀವೇ ಸರಿ ಬರೆದಿದ್ದೀರಲ್ಲ?’

‘ಗೊತ್ತುಂಟು. ಒಂದೇ ಬರೆಯುತ್ತೇನೆ’ ಎಂದಳು ಅಕ್ಕ. ‘ಕೂಡಿಸಿ ಬರೆಯುವುದು. ಕೂಡಿಸಲಿಕ್ಕೆ ಎರಡು ಬೇಕಲ್ಲ.’

‘ಎಂತಕ್ಕೆ ಅಷ್ಟು ಕಷ್ಟ? ಇದರಲ್ಲಿ ಬಂದೇ ಬಿಟ್ಟಿದೆ’ ಎಂದು ಅವರು ಪರದೆ ತೋರಿಸಿದರು.

‘ನಿಮ್ಮದು ಇರಲಿ. ನಿಮ್ಮ ಬೆನ್ನಿಗೆ ಬೇಕಾದರೆ ಇವಳು ಬಿಲ್ಲೆಲ್ಲ ಓದಿ ಹೇಳುತ್ತಾಳೆ, ನೀವು ಹೊಡೆದುಕೊಳ್ಳಿ.’

ಇವಳು ಎಂದಳು. ನನ್ನನ್ನು. ನಾನು ಡ್ರಾಯರು ಎಳೆದೆ, ಅದು ಯಾವಾಗಲೂ ಸಿಕ್ಕಿಹಾಕಿಕೊಳ್ಳುವ ಡ್ರಾಯರು, ಅವತ್ತೂ ಸಿಕ್ಕಿಕೊಂಡಿತು. ಕ್ಯಾಲ್ಕುಲೇಟರು ತೆಗೆದು ಹತ್ತು ಸಾವಿರ ಒತ್ತುವಾಗ ಸೊನ್ನೆ ಹೆಚ್ಚಾಯಿತು, ಅಳಿಸಿದೆ, ಕಡಿಮೆಯಾಯಿತು. ಕಣ್ಣಿಗೆ ಸರಿ ಕಾಣಿಸುತ್ತಿರಲಿಲ್ಲ. ಅಕ್ಕ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಟೆಂಪೋದವನು ಹೊರಗೆ ಹಾರ್ನು ಹೊಡೆದ. ಅವಳು ಪೂರ್ತಿ ನನ್ನ ಕಡೆ ತಿರುಗಿದಳು.

‘ಇನಿ ಸರಿ ಪಣ್’ ಎಂದಳು.

ತುಳುವಿನಲ್ಲಿ. ಇವತ್ತು ಸರಿಯಾಗಿ ಹೇಳು, ಎಂದು.

ಅಂದರೆ ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಪೆನ್ನು ಎತ್ತಿ ಹಿಡಿದು ‘ಇನ್ನೊಮ್ಮೆ ನೋಡು’ ಎನ್ನುತ್ತಿದ್ದಳು. ನಾನು ಕ್ಯಾಲ್ಕುಲೇಟರನ್ನು ಕೆಳಗಿಟ್ಟೆ. ಒಂಬೈನೂರು ಎನ್ನಲು ಅದೇನೂ ಬೇಕಿರಲಿಲ್ಲ. ಸರಿಯಾಗಿಯೇ ಹೇಳಿದೆ, ತುಳುವಿನಲ್ಲಿಯೇ ಹೇಳಿದೆ. ಅಕ್ಕ ಎರಡನ್ನೂ ಕೂಡಿಸಿ ಸಾವಿರದ ಎಂಟುನೂರು ಎಂದು ಬರೆದಳು.